ಒಂದರ ಅನಂತ ಘಾತ: ಬರೆಯುವ ರೀತಿಯನ್ನು ಬದಲಿಸಿ e ತಲುಪುವ ಬಗೆ

ಹಾಸನದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಸಂಜೆಯ ಹೊತ್ತು ಗಣಿತ ಹೇಳಿಕೊಡುವ ನನ್ನ ಕೈಗೆ ಪ್ರತಿ ವರ್ಷವೂ ಒಂದೇ ಬಗೆಯ ತಪ್ಪಿರುವ ನೋಟ್‌ಬುಕ್ ಬರುತ್ತದೆ. ಈ ಸಲ ಬಂದದ್ದು ಸಕಲೇಶಪುರ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿರುವ ಒಬ್ಬ ಹುಡುಗಿಯದು. ಲೆಕ್ಕ ಹೀಗಿತ್ತು:

lim (x→∞) ((2x + 3)/(2x − 1))^(3x + 1)

ಅವಳು ಅಂಶ ಮತ್ತು ಛೇದ ಎರಡನ್ನೂ x ನಿಂದ ಭಾಗಿಸಿ, ಆವರಣದೊಳಗಿನ ಭಿನ್ನರಾಶಿ 1ಕ್ಕೆ ಹೋಗುತ್ತದೆ ಎಂದು ಸರಿಯಾಗಿಯೇ ತೋರಿಸಿದ್ದಳು. ಮುಂದಿನ ಸಾಲಿನಲ್ಲಿ "1ರ ಯಾವ ಘಾತವಾದರೂ 1, ಆದ್ದರಿಂದ ಮಿತಿ = 1" ಎಂದು ಬರೆದು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದಳು. ಸರಿಯಾದ ಉತ್ತರ e^6, ಅಂದರೆ ಸುಮಾರು 403.43.

"ಸರ್, ಒಂದನ್ನ ಎಷ್ಟು ಸಲ ಗುಣಿಸಿದ್ರೂ ಒಂದೇ ಅಲ್ವಾ?" ಎಂದು ಅವಳು ಕೇಳಿದಳು.

"ಒಂದನ್ನೇ ಗುಣಿಸಿದ್ರೆ ಹೌದಮ್ಮ. ಆದ್ರೆ ಇಲ್ಲಿ ಆವರಣದ ಒಳಗೆ ಯಾವತ್ತಾದ್ರೂ ಒಂದು ಇತ್ತಾ? x ಗೆ ನೂರು ಹಾಕಿ ನೋಡು."

ನೂರು ಹಾಕಿದಾಗ ಆವರಣದೊಳಗೆ 203/199, ಅಂದರೆ ಸುಮಾರು 1.0201 ಬಂತು, ಮೇಲಿನ ಘಾತಾಂಕ 301. ಕ್ಯಾಲ್ಕುಲೇಟರಿನಲ್ಲಿ ಪೂರ್ತಿ ಭಿನ್ನರಾಶಿಯನ್ನೇ ಒತ್ತಿದಾಗ ಸಿಕ್ಕಿದ್ದು ಸುಮಾರು 399.5. ಅವಳು ಪರದೆಯನ್ನು ಎರಡು ಸಲ ನೋಡಿ, ಇನ್ನೊಮ್ಮೆ ಒತ್ತಿ ನೋಡಿದಳು. ಸಾವಿರ ಹಾಕಿದಾಗ 403.03 ಬಂತು. ಆವರಣದೊಳಗಿನ ಸಂಖ್ಯೆ ಒಂದರ ಹತ್ತಿರ ಹೋದಷ್ಟೂ ಒಟ್ಟು ಬೆಲೆ ಒಂದರಿಂದ ದೂರವೇ ಉಳಿಯುತ್ತದೆ ಎಂಬುದು ಅವಳಿಗೆ ಆಗ ಕಣ್ಣಿಗೆ ಕಂಡಿತು.

ತಪ್ಪು ಎಲ್ಲಾಯಿತು ಎಂಬುದನ್ನು ಸ್ಪಷ್ಟವಾಗಿ ಹೇಳಿಕೊಳ್ಳಬೇಕು, ಏಕೆಂದರೆ ಉಳಿದ ವಿಧಾನವೆಲ್ಲ ಇದರ ಮೇಲೆಯೇ ನಿಂತಿದೆ. ಆಧಾರದಲ್ಲಿಯೂ ಘಾತಾಂಕದಲ್ಲಿಯೂ ಇರುವುದು ಅದೇ x. ಆಧಾರಕ್ಕೆ ಮಾತ್ರ ಮೊದಲು ಮಿತಿ ತೆಗೆದುಕೊಂಡು, ಘಾತಾಂಕವನ್ನು ಆಮೇಲೆ ಅನಂತಕ್ಕೆ ಕಳುಹಿಸುವ ಅಧಿಕಾರ ನಮಗಿಲ್ಲ. ಎರಡೂ ಒಟ್ಟಿಗೆ ಸಾಗಬೇಕು. ಆಧಾರ ಒಂದರತ್ತ ಹೋಗುವಾಗ ಅದರಲ್ಲಿ ಒಂದು ಸಣ್ಣ ಹೆಚ್ಚುವರಿ ಯಾವಾಗಲೂ ಉಳಿದಿರುತ್ತದೆ, ಅದೇ ಹೊತ್ತಿನಲ್ಲಿ ಘಾತಾಂಕವು ಆ ಹೆಚ್ಚುವರಿಯನ್ನು ಮತ್ತೆ ಮತ್ತೆ ಗುಣಿಸುವ ಸಲಗಳನ್ನು ಹೆಚ್ಚಿಸುತ್ತಿರುತ್ತದೆ. ಹೆಚ್ಚುವರಿ ಎಷ್ಟು ವೇಗವಾಗಿ ಕರಗುತ್ತದೆ, ಘಾತಾಂಕ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬ ಹೋಲಿಕೆಯೇ ಉತ್ತರವನ್ನು ನಿರ್ಧರಿಸುತ್ತದೆ. ಆದ್ದರಿಂದ 1^∞ ಎಂಬುದು ಒಂದು ಸಂಖ್ಯೆಯಲ್ಲ, ಅದೊಂದು ಅನಿರ್ಧಾರ್ಯ ರೂಪದ ಹೆಸರು ಮಾತ್ರ.

ಈ ಹೋಲಿಕೆಯನ್ನು ಸೂತ್ರಕ್ಕಿಂತ ಮೊದಲು ಬಡ್ಡಿಯಲ್ಲಿ ನೋಡುವುದು ಒಳ್ಳೆಯದು. ಚರಿತ್ರೆಯಲ್ಲಿಯೂ ಇದು ಮೊದಲು ಕಂಡದ್ದು ಅಲ್ಲಿಯೇ. 1683ರಲ್ಲಿ ಜಾಕೋಬ್ ಬರ್ನೌಲಿ ಚಕ್ರಬಡ್ಡಿಯ ಪ್ರಶ್ನೆಯನ್ನು ಪರಿಶೀಲಿಸುವಾಗ, ಬಡ್ಡಿಯನ್ನು ಅಸಲಿಗೆ ಸೇರಿಸುವ ಅವಧಿಯನ್ನು ಚಿಕ್ಕದು ಮಾಡುತ್ತಾ ಹೋದರೆ ಏನಾಗುತ್ತದೆ ಎಂದು ಕೇಳಿದರು, ಮತ್ತು (1 + 1/n)^n ಎಂಬುದರ ಮಿತಿ 2 ಮತ್ತು 3ರ ನಡುವೆ ಇದೆ ಎಂದು ಕಂಡುಕೊಂಡರು. ಅದಕ್ಕೆ e ಎಂಬ ಅಕ್ಷರವನ್ನು ಬಳಸಿದವರು ಆಯ್ಲರ್. 1731ರಲ್ಲಿ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಆ ಅಕ್ಷರ ಇದೆ.

ಆ ಹುಡುಗಿಯ ಮನೆಯಲ್ಲಿ ಕಾಫಿ ತೋಟವಿದೆ, ಸಾಲ ಬಡ್ಡಿಯ ಮಾತು ಅವಳಿಗೆ ಹೊಸದಲ್ಲ. ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ ಎಂದಿಟ್ಟುಕೊಳ್ಳಿ ಎಂದೆ. ವರ್ಷಕ್ಕೊಮ್ಮೆ ಸೇರಿಸಿದರೆ ಒಟ್ಟು 1,12,000 ರೂಪಾಯಿ. ತಿಂಗಳಿಗೆ ಶೇಕಡಾ 1ರಂತೆ ಪ್ರತಿ ತಿಂಗಳೂ ಅಸಲಿಗೆ ಸೇರಿಸಿದರೆ (1.01)^12 ಎಂದಾಗಿ, ಸುಮಾರು 1,12,682 ರೂಪಾಯಿ 50 ಪೈಸೆ. ದಿನಕ್ಕೊಮ್ಮೆ ಸೇರಿಸಿದರೆ ಸುಮಾರು 1,12,747 ರೂಪಾಯಿ. ಅವಧಿಯನ್ನು ಇನ್ನೂ ಚಿಕ್ಕದು ಮಾಡಿ, ಗಂಟೆಗೊಮ್ಮೆ, ನಿಮಿಷಕ್ಕೊಮ್ಮೆ ಎಂದು ಹೋದರೂ ಮೊತ್ತ 1,12,749 ರೂಪಾಯಿ 69 ಪೈಸೆಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಪ್ರತಿ ಅವಧಿಯ ಗುಣಕ (1 + 0.12/n) ಒಂದರತ್ತ ಹೋಗುತ್ತದೆ, ಅವಧಿಗಳ ಸಂಖ್ಯೆ n ಅನಂತದತ್ತ ಹೋಗುತ್ತದೆ. ಹೆಚ್ಚುವರಿಯನ್ನೂ ಘಾತಾಂಕವನ್ನೂ ಗುಣಿಸಿ ನೋಡಿ: (0.12/n) × n = 0.12. n ಎಷ್ಟೇ ಆದರೂ ಈ ಗುಣಲಬ್ಧ ಬದಲಾಗುವುದಿಲ್ಲ. ಮೊತ್ತ ನಿಂತ ಜಾಗವೂ 1,00,000 × e^0.12. ಹೆಚ್ಚುವರಿ ಗುಣಿಸು ಘಾತಾಂಕ: ಈ ಒಂದು ಗುಣಲಬ್ಧವನ್ನು ಹಿಡಿದುಕೊಳ್ಳುವುದೇ ಇಡೀ ವಿಧಾನ.

ಈಗ ಅದನ್ನು ಕ್ರಮವಾಗಿ ಬರೆಯೋಣ. ನಮಗೆ ಬುನಾದಿಯಾಗಿ ಬೇಕಾದದ್ದು ಒಂದೇ ಒಂದು ಮಿತಿ:

lim (u→0) (1 + u)^(1/u) = e

ಇದರಲ್ಲಿ u ಧನವಾಗಿಯೂ ಇರಬಹುದು, ಋಣವಾಗಿಯೂ ಇರಬಹುದು. ಎರಡೂ ಕಡೆಯಿಂದ ಸೊನ್ನೆಗೆ ಹೋದಾಗ ಸಿಗುವುದು ಅದೇ e. ಇಲ್ಲಿ ವಿದ್ಯಾರ್ಥಿಗಳ ಗಮನ ತಪ್ಪುವ ಅಂಶವೆಂದರೆ, ಆವರಣದೊಳಗಿನ ಹೆಚ್ಚುವರಿ ಮತ್ತು ಮೇಲಿನ ಘಾತಾಂಕ ಒಂದಕ್ಕೊಂದು ವ್ಯುತ್ಕ್ರಮವಾಗಿರಬೇಕು. ಒಳಗೆ u ಇದ್ದರೆ ಮೇಲೆ 1/u ಇರಲೇಬೇಕು, ಒಳಗೆ 5u ಇದ್ದರೆ ಮೇಲೆ 1/(5u) ಇರಬೇಕು. ಬೇರೆ ಏನಿದ್ದರೂ ಅದನ್ನು ನೇರವಾಗಿ e ಎಂದು ಬರೆಯುವಂತಿಲ್ಲ.

ಮೊದಲ ಹೆಜ್ಜೆಯಲ್ಲಿ ಆಧಾರವನ್ನು 1 + u ಎಂಬ ರೂಪಕ್ಕೆ ತರಬೇಕು. ಇದಕ್ಕೆ ಜಾಣತನ ಬೇಕಿಲ್ಲ. ಆಧಾರದಿಂದ 1ನ್ನು ಕಳೆದರೆ ಉಳಿಯುವುದೇ u. ಎರಡನೆಯ ಹೆಜ್ಜೆಯಲ್ಲಿ, ಘಾತಾಂಕವನ್ನು v ಎಂದು ಕರೆದು, ಅದನ್ನು u ನಿಂದ ಗುಣಿಸಿ u ನಿಂದಲೇ ಭಾಗಿಸಬೇಕು:

(1 + u)^v = [ (1 + u)^(1/u) ]^(u·v)

ಇದರಲ್ಲಿ ಯಾವ ಅಂದಾಜೂ ಇಲ್ಲ. u ಸೊನ್ನೆಯಲ್ಲದಿರುವ ತನಕ ಎಡಬದಿ ಮತ್ತು ಬಲಬದಿ ಅಕ್ಷರಶಃ ಸಮ; ಬದಲಾದದ್ದು ಬರೆಯುವ ರೀತಿ ಮಾತ್ರ. ಮೂರನೆಯ ಹೆಜ್ಜೆಯಲ್ಲಿ u·v ಎಂಬ ಗುಣಲಬ್ಧದ ಮಿತಿಯನ್ನು ಪ್ರತ್ಯೇಕವಾಗಿ ಕಂಡುಹಿಡಿಯಬೇಕು. ಆ ಮಿತಿ k ಎಂಬ ಒಂದು ನಿಶ್ಚಿತ ಸಂಖ್ಯೆಯಾದರೆ, ಚೌಕಾವರಣದೊಳಗಿನದು e ಗೆ ಹೋಗುತ್ತದೆ, ಅದರ ಮೇಲಿನದು k ಗೆ ಹೋಗುತ್ತದೆ, ಆದ್ದರಿಂದ ಒಟ್ಟು ಮಿತಿ e^k. ಈಗ ಎರಡಕ್ಕೂ ಬೇರೆಬೇರೆಯಾಗಿ ಮಿತಿ ತೆಗೆದುಕೊಳ್ಳಲು ನಮಗೆ ಅಧಿಕಾರ ಬಂದದ್ದು ಹೇಗೆ ಎಂದು ಕೇಳಬಹುದು, ಕೇಳಲೂ ಬೇಕು. ಆಧಾರದ ಮಿತಿ ಒಂದು ಧನಾತ್ಮಕ ಸಂಖ್ಯೆಯಾಗಿದ್ದು, ಘಾತಾಂಕದ ಮಿತಿ ಒಂದು ನಿಶ್ಚಿತ ಸಂಖ್ಯೆಯಾಗಿದ್ದರೆ, ಅಲ್ಲಿ ಅನಿರ್ಧಾರ್ಯತೆ ಏನೂ ಇರುವುದಿಲ್ಲ. ಮೊದಲು 1 ಮತ್ತು ಅನಂತ ಇದ್ದ ಜಾಗದಲ್ಲಿ ಈಗ e ಮತ್ತು k ಕುಳಿತಿವೆ. ಬರೆಯುವ ರೀತಿಯನ್ನು ಬದಲಿಸಿದ್ದರ ಫಲ ಇದೇ.

ಹುಡುಗಿಯ ಲೆಕ್ಕಕ್ಕೆ ಹಿಂತಿರುಗೋಣ. ಆಧಾರದಿಂದ ಒಂದನ್ನು ಕಳೆಯಬೇಕು:

u = (2x + 3)/(2x − 1) − 1 = 4/(2x − 1)

ಇಲ್ಲಿ ಬಹಳ ಮಂದಿ ಅಂಶದಲ್ಲಿ 2 ಬರೆಯುತ್ತಾರೆ. 3 − 1 ಎಂದು ಓದಿಕೊಳ್ಳುವುದರಿಂದ ಹಾಗಾಗುತ್ತದೆ; ಸರಿಯಾದದ್ದು 3 − (−1) = 4. ಆವರಣ ಹಾಕಿ (2x + 3) − (2x − 1) ಎಂದು ಒಂದು ಸಾಲು ಹೆಚ್ಚಿಗೆ ಬರೆದರೆ ಈ ತಪ್ಪು ಆಗುವುದಿಲ್ಲ. ಈ ಒಂದು ಚಿಹ್ನೆ ತಪ್ಪಿದರೆ ಉತ್ತರ e^6 ಬದಲು e^3 ಆಗುತ್ತದೆ, ಅಂದರೆ 403 ಇರಬೇಕಾದಲ್ಲಿ 20 ಬರುತ್ತದೆ. x ಅನಂತಕ್ಕೆ ಹೋದಂತೆ u ಸೊನ್ನೆಗೆ ಹೋಗುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಮುಂದುವರಿಯಬೇಕು. ಎರಡನೆಯ ಹೆಜ್ಜೆ:

[ (1 + 4/(2x − 1))^((2x − 1)/4) ]^( 4(3x + 1)/(2x − 1) )

ಚೌಕಾವರಣದೊಳಗೆ ಹೆಚ್ಚುವರಿ 4/(2x − 1), ಅದರ ಘಾತಾಂಕ ಸರಿಯಾಗಿ ಅದರ ವ್ಯುತ್ಕ್ರಮ. ಆದ್ದರಿಂದ ಅದು e ಗೆ ಹೋಗುತ್ತದೆ. ಹೊರಗಿನ ಘಾತಾಂಕ 4(3x + 1)/(2x − 1), ಅಂದರೆ (12x + 4)/(2x − 1). x ನಿಂದ ಭಾಗಿಸಿದರೆ (12 + 4/x)/(2 − 1/x), ಇದರ ಮಿತಿ 6. ಉತ್ತರ e^6. ಮೊದಲು ಕ್ಯಾಲ್ಕುಲೇಟರಿನಲ್ಲಿ ಕಂಡ 399.5 ಮತ್ತು 403.03 ಎರಡೂ 403.43 ಕಡೆಗೇ ನಡೆಯುತ್ತಿದ್ದವು ಎಂಬುದು ಈಗ ಹೊಂದುತ್ತದೆ.

ಪರೀಕ್ಷೆಯಲ್ಲಿ ಸಮಯ ಕಡಿಮೆ ಇರುವವರು "(ಆಧಾರ − 1) × ಘಾತಾಂಕ, ಅದರ ಮಿತಿಯನ್ನು e ಮೇಲೆ ಇಡು" ಎಂಬ ಒಂದೇ ಸಾಲಿನ ಸೂತ್ರವನ್ನು ಬಳಸುತ್ತಾರೆ. ಅದು ಮೇಲಿನ ಮೂರು ಹೆಜ್ಜೆಗಳ ಸಂಕ್ಷೇಪವೇ ಆದ್ದರಿಂದ ತಪ್ಪೇನಿಲ್ಲ. ಆದರೆ ಮೊದಲ ಹತ್ತು ಲೆಕ್ಕಗಳನ್ನಾದರೂ ಚೌಕಾವರಣ ಬರೆದೇ ಮಾಡಬೇಕೆಂದು ನಾನು ಹಟ ಹಿಡಿಯುತ್ತೇನೆ. ಸೂತ್ರ ಯಾವಾಗ ಸಲ್ಲುವುದಿಲ್ಲ ಎಂಬುದು ಚೌಕಾವರಣವನ್ನು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಮುಂದಿನದು x ಸೊನ್ನೆಗೆ ಹೋಗುವ ಲೆಕ್ಕ:

lim (x→0) (cos x)^(1/x²)

ಇಲ್ಲಿ cos x ಒಂದಕ್ಕೆ ಹೋಗುತ್ತದೆ, 1/x² ಅನಂತಕ್ಕೆ. u = cos x − 1, ಇದು ಋಣ ಸಂಖ್ಯೆ; ಹೆಚ್ಚುವರಿ ಎನ್ನುವ ಬದಲು ಇದನ್ನು ಕೊರತೆ ಎನ್ನಬಹುದು. ಆದರೂ ವಿಧಾನದಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲ, ಏಕೆಂದರೆ u ಋಣದ ಕಡೆಯಿಂದ ಸೊನ್ನೆಗೆ ಹೋದಾಗಲೂ (1 + u)^(1/u) e ಗೇ ಹೋಗುತ್ತದೆ. ಗುಣಲಬ್ಧವನ್ನು ಕಂಡುಹಿಡಿಯಲು cos x − 1 = −2 sin²(x/2) ಎಂಬ ನಿತ್ಯಸಮೀಕರಣವನ್ನು ಬಳಸಬೇಕು:

u·v = −2 sin²(x/2)/x² = −(1/2)·[ sin(x/2)/(x/2) ]²

ಚೌಕಾವರಣದೊಳಗಿನದರ ಮಿತಿ 1. ಆದ್ದರಿಂದ k = −1/2, ಮತ್ತು ಉತ್ತರ e^(−1/2), ಅಂದರೆ ಸುಮಾರು 0.6065. ಘಾತಾಂಕ ಧನವಾಗಿದ್ದು ಆಧಾರದಲ್ಲಿ ಕೊರತೆ ಇದ್ದರೆ ಉತ್ತರ ಒಂದನ್ನು ಮೀರಲಾರದೆಂದು ಮೊದಲೇ ಊಹಿಸಬಹುದು. ಹಾಗಿದ್ದೂ ಉತ್ತರ ಒಂದಕ್ಕಿಂತ ದೊಡ್ಡದು ಬಂದರೆ ಚಿಹ್ನೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಈ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಪರೀಕ್ಷಿಸುವವರು ಒಂದು ಎಚ್ಚರಿಕೆ ವಹಿಸಬೇಕು. x = 0.1 ಎಂದು ಹಾಕಿ cos(0.1)ನ ನೂರನೆಯ ಘಾತ ತೆಗೆದರೆ 0.6060 ಬರಬೇಕು. ಆದರೆ ಕಳೆದ ವರ್ಷ ಒಬ್ಬ ಹುಡುಗ 0.9998 ಬಂತೆಂದು, ಆದ್ದರಿಂದ ಉತ್ತರ 1 ಎಂದು ವಾದಿಸಿದ. ಅವನ ಕೈಯಲ್ಲಿದ್ದ ಕ್ಯಾಲ್ಕುಲೇಟರನ್ನು ತೆಗೆದುಕೊಂಡು ನೋಡಿದರೆ ಪರದೆಯ ಮೇಲುಗಡೆ ಪುಟ್ಟದಾಗಿ DEG ಎಂದಿತ್ತು. ಅದು 0.1 ರೇಡಿಯನ್ನಿನ ಬದಲು 0.1 ಡಿಗ್ರಿಯ ಕೊಸೈನ್ ಹುಡುಕಿತ್ತು. sin x / x ನ ಮಿತಿ 1 ಎಂಬುದು x ರೇಡಿಯನ್ನಿನಲ್ಲಿ ಇದ್ದಾಗ ಮಾತ್ರ ನಿಜ, ಆದ್ದರಿಂದ ಪರೀಕ್ಷಿಸುವ ಯಂತ್ರವೂ RAD ನಲ್ಲಿರಬೇಕು. ಅವನ ವಾದ ಅಷ್ಟು ಗಟ್ಟಿಯಾಗಿದ್ದದ್ದು ಯಂತ್ರ ಕೊಟ್ಟ ತಪ್ಪು ಸಂಖ್ಯೆ ಅವನ ಮನಸ್ಸಿನಲ್ಲಿದ್ದ ತಪ್ಪಿಗೇ ಸಾಕ್ಷಿ ಹೇಳಿದ್ದರಿಂದ.

ಯಂತ್ರದ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲೇ ಹೇಳುತ್ತೇನೆ. x ಅನ್ನು ತೀರಾ ದೊಡ್ಡದು ಮಾಡಿದಷ್ಟೂ ನಿಖರತೆ ಹೆಚ್ಚುತ್ತದೆ ಎಂಬ ನಂಬಿಕೆ ಈ ಬಗೆಯ ಮಿತಿಗಳಲ್ಲಿ ಕೈಕೊಡುತ್ತದೆ. ಪೈಥಾನ್ ಬಲ್ಲವರು ಇದನ್ನು ಓಡಿಸಿ ನೋಡಬಹುದು:

```
n = 10.0**15
print((1 + 1/n)**n)
```

ಬರುವ ಉತ್ತರ 3.035ರ ಹತ್ತಿರ. 15ರ ಬದಲು 16 ಹಾಕಿದರೆ 1.0 ಎಂದೇ ಬರುತ್ತದೆ. ಗಣಿತ ಕೆಟ್ಟದ್ದಲ್ಲ, ಕಂಪ್ಯೂಟರ್ ಒಂದು ಸಂಖ್ಯೆಗೆ ಸುಮಾರು 16 ಅಂಕಿಗಳಷ್ಟೇ ಜಾಗ ಕೊಡುತ್ತದೆ, 1ಕ್ಕೆ ಕೂಡಿಸಿದ ಆ ಪುಟ್ಟ ಹೆಚ್ಚುವರಿ ಮೊದಲು ವಿರೂಪಗೊಂಡು, ಆಮೇಲೆ ಪೂರ್ತಿ ಅಳಿಸಿಹೋಗುತ್ತದೆ. ಹೆಚ್ಚುವರಿ ಅಳಿಸಿಹೋದ ಮೇಲೆ ಉಳಿಯುವುದು ನಿಜವಾದ 1, ಅದರ ಘಾತ 1. ಕೈಲೆಕ್ಕವನ್ನು ಪರೀಕ್ಷಿಸಲು 100, 1000, 10000 ಇಷ್ಟು ಸಾಕು. ಬೆಲೆಗಳು ಒಂದೇ ದಿಕ್ಕಿನಲ್ಲಿ ನಡೆದು ನಿಧಾನವಾಗುತ್ತಿದ್ದವು, ಇದ್ದಕ್ಕಿದ್ದಂತೆ ಜಿಗಿದವು ಎಂದಾದರೆ ಆ ಜಿಗಿತ ಯಂತ್ರದ್ದು.

ಮೂರನೆಯ ಲೆಕ್ಕವನ್ನು ನಾನು ತುಂಬಾ ಇಷ್ಟಪಟ್ಟು ಹೇಳಿಕೊಡುತ್ತೇನೆ, ಏಕೆಂದರೆ ಅದರಲ್ಲಿ e ಬಂದು, ಕೆಲಸ ಮುಗಿಸಿ, ಉತ್ತರದಲ್ಲಿ ಕಾಣಿಸಿಕೊಳ್ಳದೆ ಹೋಗುತ್ತದೆ:

lim (x→0) ((4^x + 9^x)/2)^(1/x)

x ಸೊನ್ನೆಗೆ ಹೋದಾಗ 4^x ಮತ್ತು 9^x ಎರಡೂ 1ಕ್ಕೆ ಹೋಗುತ್ತವೆ, ಸರಾಸರಿಯೂ 1. ಒಂದನ್ನು ಕಳೆದಾಗ ಅದನ್ನು ಎರಡು ಪಾಲು ಮಾಡಿ, ಪ್ರತಿ ಪದಕ್ಕೂ ಒಂದೊಂದನ್ನು ಕೊಡಬೇಕು. ಈ ಲೆಕ್ಕದಲ್ಲಿ ಇರುವ ಜಾಣತನ ಅಷ್ಟೇ:

u = [ (4^x − 1) + (9^x − 1) ]/2

ಇದನ್ನು 1/x ನಿಂದ ಗುಣಿಸಿದರೆ (4^x − 1)/x ಮತ್ತು (9^x − 1)/x ಎಂಬವುಗಳ ಸರಾಸರಿ ಸಿಗುತ್ತದೆ. ಇವುಗಳ ಮಿತಿಗಳು ಕ್ರಮವಾಗಿ ln 4 ಮತ್ತು ln 9 ಎಂಬುದು ಪಠ್ಯದಲ್ಲೇ ಇರುವ ಪರಿಚಿತ ಫಲಿತಾಂಶ. ಆದ್ದರಿಂದ k = (ln 4 + ln 9)/2 = (ln 36)/2 = ln 6. ಉತ್ತರ e^(ln 6), ಅಂದರೆ 6. ಇದು 4 ಮತ್ತು 9ರ ಗುಣೋತ್ತರ ಸರಾಸರಿ. x = 0.01 ಹಾಕಿದರೆ 6.005ರ ಹತ್ತಿರ ಬರುತ್ತದೆ. "ಉತ್ತರದಲ್ಲಿ e ಇಲ್ಲ, ಹಾಗಾದರೆ ತಪ್ಪಿರಬೇಕು" ಎಂದು ಹೊಡೆದುಹಾಕಿ ಮತ್ತೆ ಮೊದಲಿಂದ ಮಾಡಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಗುಣಲಬ್ಧದ ಮಿತಿಯಲ್ಲಿ ಲಾಗರಿದಮ್ ಇದ್ದರೆ e ಹೀಗೆ ಕರಗುವುದು ಸಹಜ.

ಇನ್ನು ವಿಧಾನ ಎಲ್ಲಿ ಸಲ್ಲುವುದಿಲ್ಲ ಎಂಬುದು. ಮೊದಲನೆಯದು, ರೂಪವನ್ನೇ ನೋಡದೆ ಸೂತ್ರ ಹಾಕುವುದು. x ಅನಂತಕ್ಕೆ ಹೋಗುವಾಗ ((3x + 1)/(x + 1))^(2x/(x + 1)) ಎಂಬುದನ್ನು ತೆಗೆದುಕೊಳ್ಳಿ. ನೋಟಕ್ಕೆ ಇದು ಮೊದಲ ಲೆಕ್ಕದ ತಮ್ಮನಂತಿದೆ. ಆದರೆ ಆಧಾರ ಹೋಗುವುದು 3ಕ್ಕೆ, ಘಾತಾಂಕ ಹೋಗುವುದು 2ಕ್ಕೆ, ಉತ್ತರ ನೇರವಾಗಿ 9. ಇಲ್ಲಿ ಒಂದು ಸಾಲಿನ ಸೂತ್ರ ಹಾಕಿದವರಿಗೆ (3 − 1) × 2 = 4 ಎಂದಾಗಿ e^4, ಅಂದರೆ 54.6 ಸಿಗುತ್ತದೆ. u ಸೊನ್ನೆಗೆ ಹೋಗದಿದ್ದರೆ ಚೌಕಾವರಣ e ಗೆ ಹೋಗುವುದೇ ಇಲ್ಲ. ಅದಕ್ಕಾಗಿಯೇ "u→0" ಎಂಬ ಸಾಲನ್ನು ಬರೆದೇ ಮುಂದುವರಿಯಬೇಕೆಂದು ಹೇಳಿದ್ದು.

ಎರಡನೆಯದು, ರೂಪ ಸರಿಯಿದ್ದರೂ ಗುಣಲಬ್ಧಕ್ಕೆ ನಿಶ್ಚಿತ ಮಿತಿ ಇಲ್ಲದಿರುವುದು. x ಸೊನ್ನೆಗೆ ಹೋಗುವಾಗ (1 + x)^(1/x²) ನಲ್ಲಿ u·v = 1/x. ಬಲಗಡೆಯಿಂದ ಬಂದರೆ ಅದು ಧನ ಅನಂತಕ್ಕೆ, ಆದ್ದರಿಂದ ಒಟ್ಟು ಬೆಲೆ ಅನಂತಕ್ಕೆ. ಎಡಗಡೆಯಿಂದ ಬಂದರೆ ಅದು ಋಣ ಅನಂತಕ್ಕೆ, ಆದ್ದರಿಂದ ಒಟ್ಟು ಬೆಲೆ ಸೊನ್ನೆಗೆ. ಮಿತಿಯೇ ಇಲ್ಲ. ವರ್ಗವನ್ನು ಮೇಲಿಂದ ಕೆಳಗಿಳಿಸಿ (1 + x²)^(1/x) ಎಂದು ಬರೆದರೆ u·v = x, ಮಿತಿ ಸೊನ್ನೆ, ಉತ್ತರ e^0 = 1. ಆ ಹುಡುಗಿ ಬರೆದ 1 ಎಂಬ ಉತ್ತರ ಸರಿಯಾಗುವುದು ಇಂಥ ಕಡೆ: ಹೆಚ್ಚುವರಿಯು ಘಾತಾಂಕ ಹಿಡಿಯಲಾರದಷ್ಟು ವೇಗವಾಗಿ ಕರಗಿದಾಗ.

ಕೊನೆಯದು ಎಲ್ಲಕ್ಕಿಂತ ಸೂಕ್ಷ್ಮ, ಮತ್ತು ವಿಧಾನವನ್ನು ಚೆನ್ನಾಗಿ ಕಲಿತವರನ್ನೇ ಬೀಳಿಸುವಂಥದ್ದು:

lim (x→∞) e^(−x)·(1 + 1/x)^(x²)

ಕಲಿತ ವಿದ್ಯಾರ್ಥಿ ಕೂಡಲೇ (1 + 1/x)^(x²) ಎಂಬುದನ್ನು [(1 + 1/x)^x]^x ಎಂದು ಬರೆಯುತ್ತಾನೆ. ಇಲ್ಲಿಯವರೆಗೆ ಸರಿ. ಆಮೇಲೆ ಚೌಕಾವರಣದ ಜಾಗದಲ್ಲಿ e ಬರೆದು, e^x·e^(−x) = 1 ಎಂದು ಮುಗಿಸುತ್ತಾನೆ. ಕ್ಯಾಲ್ಕುಲೇಟರಿನಲ್ಲಿ x = 10 ಹಾಕಿದರೆ 0.6256, x = 100ಕ್ಕೆ 0.6085. ಬೆಲೆ ಒಂದರ ಕಡೆ ಹೋಗುತ್ತಿಲ್ಲ, ಒಂದರಿಂದ ದೂರ ಸರಿಯುತ್ತಿದೆ.

ನಡೆದದ್ದು ಮೊದಲ ನೋಟ್‌ಬುಕ್ಕಿನ ತಪ್ಪೇ, ವೇಷ ಬೇರೆ. ಚೌಕಾವರಣದ ಮೇಲಿನ ಘಾತಾಂಕ x ಇನ್ನೂ ಅನಂತಕ್ಕೆ ಹೋಗುತ್ತಿರುವಾಗ ಒಳಗಿನದಕ್ಕೆ ಮಾತ್ರ ಮಿತಿ ತೆಗೆದುಕೊಳ್ಳಲಾಯಿತು. (1 + 1/x)^x ಎಂಬುದು e ಅಲ್ಲ, e ಗಿಂತ ಸ್ವಲ್ಪ ಕಡಿಮೆ; x = 100 ಆದಾಗ ಅದು 2.7048, e ಯಾದರೋ 2.7183. ಆ ಪುಟ್ಟ ಕೊರತೆಯನ್ನು ಹೊರಗಿನ x ಮತ್ತೆ ಮತ್ತೆ ಗುಣಿಸುತ್ತದೆ. ಕೊರತೆಯನ್ನು ಕಳೆದುಕೊಳ್ಳದೆ ಬರೆಯಬೇಕೆಂದರೆ e ಯನ್ನೂ ಆವರಣದೊಳಗೇ ತೆಗೆದುಕೊಳ್ಳಬೇಕು:

[ (1 + 1/x)^x / e ]^x

ಈಗ ಒಳಗಿನದು 1ಕ್ಕೆ ಹೋಗುತ್ತದೆ, ಮೇಲಿನದು ಅನಂತಕ್ಕೆ. ಅಂದರೆ ಇದು ಇನ್ನೊಂದು 1^∞ ರೂಪ, ಮರೆಯಾಗಿ ಕುಳಿತಿದ್ದದ್ದು ಹೊರಬಂದಿದೆ. ಇದಕ್ಕೆ ಲಾಗರಿದಮ್ ತೆಗೆದುಕೊಳ್ಳುವುದು ಸುಲಭದ ದಾರಿ: x²·ln(1 + 1/x) − x. ln(1 + t) ಅನ್ನು t − t²/2 + t³/3 ಎಂದು ವಿಸ್ತರಿಸಿ t = 1/x ಹಾಕಿದರೆ, ಮೊದಲ ಪದ x ಎಂದಾಗಿ ಹಿಂದಿನ −x ಜೊತೆ ರದ್ದಾಗುತ್ತದೆ, ಎರಡನೆಯದು −1/2 ಎಂದು ಉಳಿಯುತ್ತದೆ, ಮೂರನೆಯದು 1/(3x) ಎಂದಾಗಿ ಸೊನ್ನೆಗೆ ಹೋಗುತ್ತದೆ. ಉತ್ತರ e^(−1/2), ಸುಮಾರು 0.6065, ಕ್ಯಾಲ್ಕುಲೇಟರಿನ 0.6256 ಮತ್ತು 0.6085 ಇಳಿಯುತ್ತಿದ್ದದ್ದು ಇದರ ಕಡೆಗೇ.

ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದ ದಿನ, ಸಕಲೇಶಪುರದ ಹುಡುಗಿ e ಬರೆಯಲು ಹೋದ ಪಕ್ಕದವಳ ಪೆನ್ನನ್ನು ಹಿಡಿದು ನಿಲ್ಲಿಸಿ, ಚೌಕಾವರಣದ ಮೇಲಿದ್ದ x ಅನ್ನು ಬೆರಳಿಟ್ಟು ತೋರಿಸಿ, "ಇದು ಇನ್ನೂ ಹೋಗ್ತಾ ಇದೆ ಕಣೇ" ಎಂದಳು.